ಹೆಸರಿನ ಶೋಧದಲ್ಲಿ ಸಾರ್ವಜನಿಕ ಪ್ರೊಫೈಲ್ ಪುಟ

ಸಾರ್ವಜನಿಕ ಪ್ರೊಫೈಲ್ ಪುಟ ಎಂದರೆ ಲಾಗಿನ್ ಆಗದವರೂ ತೆರೆದು ಓದಬಹುದಾದ ವ್ಯಕ್ತಿಪರಿಚಯದ ಪುಟ. ಇಂತಹ ಪುಟವನ್ನು ಗೂಗಲ್, ಬಿಂಗ್ ಮೊದಲಾದ ಶೋಧಯಂತ್ರಗಳು ಓದಿ ತಮ್ಮ ಸೂಚಿಯಲ್ಲಿ ಸೇರಿಸಿಕೊಳ್ಳುತ್ತವೆ. ಫಲಿತಾಂಶದ ತಲೆಬರಹವನ್ನು ಅವು ಬಹುಮಟ್ಟಿಗೆ ಪುಟದ ಶೀರ್ಷಿಕೆಯಿಂದಲೂ, ಅದರ ಕೆಳಗಿನ ಸಾಲುಗಳನ್ನು ಪುಟದ ಪಠ್ಯದಿಂದಲೂ ಆರಿಸಿಕೊಳ್ಳುತ್ತವೆ.

== ಊರಿನ ಹೆಸರೇ ಅಡ್ಡಹೆಸರಾದಾಗ ==

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕು ಕೇಂದ್ರಗಳು. ಉತ್ತರ ಕರ್ನಾಟಕದಲ್ಲಿ ಇಂತಹ ಊರುಗಳ ಹೆಸರುಗಳು ಅಡ್ಡಹೆಸರುಗಳಾಗಿಯೂ ಬಳಕೆಯಲ್ಲಿವೆ. ಆದುದರಿಂದ ‘ಗೋಕಾಕ’ ಎಂದಷ್ಟೇ ಹುಡುಕಿದರೆ ಪಟ್ಟಣ, ಘಟಪ್ರಭಾ ನದಿಯ ಜಲಪಾತ, ಗೋಕಾಕ್ ಚಳವಳಿ ಹಾಗೂ 1990ರ ಜ್ಞಾನಪೀಠ ಪುರಸ್ಕೃತ ವಿ. ಕೃ. ಗೋಕಾಕರ ಪುಟಗಳ ನಡುವೆ ಸಾಮಾನ್ಯ ವ್ಯಕ್ತಿಯ ಪುಟ ಮರೆಯಾಗುತ್ತದೆ. ರೋಮನ್ ಲಿಪಿಯಲ್ಲಿ ಮೂಡಲಗಿಯನ್ನು Mudalgi, Mudalagi, Moodalagi ಎಂದು ಬೇರೆ ಬೇರೆಯಾಗಿ ಬರೆಯುವುದು ಇನ್ನೊಂದು ತೊಡಕು.

== ಮಾಡಬೇಕಾದ ಬದಲಾವಣೆ ==

ಮೂಡಲಗಿಯಲ್ಲಿ ಕೆಲಸ ಮಾಡುವ, ‘ಹುಕ್ಕೇರಿ’ ಅಡ್ಡಹೆಸರಿನ ಶಿಕ್ಷಕಿಯೊಬ್ಬರ ಪುಟದ ಶೀರ್ಷಿಕೆಯಲ್ಲಿ ‘ನನ್ನ ಪುಟ’ ಎಂದಿದೆಯೆಂದು ಭಾವಿಸೋಣ. ಆಗ ಶೋಧಯಂತ್ರಕ್ಕೆ ಪುಟ ಯಾರದೆಂಬುದರ ಸ್ಪಷ್ಟ ಸುಳಿವು ದೊರೆಯುವುದಿಲ್ಲ. ಶೀರ್ಷಿಕೆಯಲ್ಲಿ ಪೂರ್ಣ ಹೆಸರು, ವೃತ್ತಿ ಮತ್ತು ಊರು ಇದ್ದರೆ ವ್ಯಕ್ತಿಯನ್ನು ಊರಿನಿಂದ ಪ್ರತ್ಯೇಕಿಸುವುದು ಸುಲಭ:

```
<title>ಪೂರ್ಣ ಹೆಸರು ಹುಕ್ಕೇರಿ – ಶಿಕ್ಷಕಿ, ಮೂಡಲಗಿ</title>
```

ಪರಿಚಯದ ಮೊದಲ ವಾಕ್ಯದಲ್ಲಿ ಹೆಸರಿನ ಕನ್ನಡ ರೂಪವನ್ನೂ, ಪ್ರಮಾಣಪತ್ರಗಳಲ್ಲಿರುವ ರೋಮನ್ ಕಾಗುಣಿತವನ್ನೂ ಒಮ್ಮೆ ಬರೆದರೆ ಎರಡೂ ಲಿಪಿಗಳ ಹುಡುಕಾಟಕ್ಕೆ ಪುಟ ಹೊಂದುತ್ತದೆ. ಎಲ್ಲ ತಾಣಗಳಲ್ಲಿಯೂ ಒಂದೇ ಕಾಗುಣಿತವಿರಬೇಕು. ಸಾಮಾಜಿಕ ಜಾಲತಾಣಗಳಲ್ಲಿ ಬಳಕೆದಾರರು ಶೀರ್ಷಿಕೆಯನ್ನು ನೇರವಾಗಿ ತಿದ್ದಲಾಗದು. ಅಲ್ಲಿ ಹೆಸರು ಮತ್ತು ಕಿರುಪರಿಚಯದ ಅಂಕಣಗಳನ್ನು ಸರಿಪಡಿಸಬೇಕು.

== ಪುಟ ಕಾಣಬಾರದೆಂದಾದರೆ ==

ಜಾಲತಾಣದ ಗೌಪ್ಯತೆಯ ಆಯ್ಕೆಗಳಲ್ಲಿ ಶೋಧಯಂತ್ರಗಳಿಗೆ ಅನುಮತಿ ನಿರಾಕರಿಸುವ ಸೌಲಭ್ಯವಿದ್ದರೆ ಅದನ್ನು ಬಳಸಬಹುದು. ಸ್ವಂತ ಪುಟವಾದರೆ ಈ ಸಾಲು ಸಾಕು:

```
<meta name="robots" content="noindex">
```

ಇದರೊಂದಿಗೆ robots.txt ಕಡತದಲ್ಲಿಯೂ ಅದೇ ಪುಟವನ್ನು ತಡೆಯುವುದು ಸಾಮಾನ್ಯವಾದ ತಪ್ಪು. ಹಾಗೆ ತಡೆದರೆ ಶೋಧಯಂತ್ರ ಪುಟವನ್ನು ತೆರೆಯುವುದೇ ಇಲ್ಲ. Noindex ಸೂಚನೆ ಅದಕ್ಕೆ ಕಾಣುವುದೂ ಇಲ್ಲ. ಬೇರೆ ಪುಟಗಳ ಕೊಂಡಿಗಳ ಮೂಲಕ ವಿಳಾಸ ತಿಳಿದಿದ್ದರೆ, ವಿವರಣೆಯಿಲ್ಲದ ಫಲಿತಾಂಶವಾಗಿ ಪುಟ ಉಳಿದುಬಿಡಬಹುದು.

== ಪರಿಶೀಲನೆ ಮತ್ತು ಮಿತಿ ==

ಲಾಗಿನ್ ಆಗದ ಖಾಸಗಿ ಕಿಟಕಿಯಲ್ಲಿ site: ಎಂಬುದರ ಮುಂದೆ ಅಂತರ ಬಿಡದೆ ಪುಟದ ವಿಳಾಸ ಬರೆದು ಹುಡುಕಿದರೆ, ಪುಟ ಸೂಚಿಯಲ್ಲಿದೆಯೇ ಎಂಬುದರ ಅಂದಾಜು ಸಿಗುತ್ತದೆ. ಬದಲಾವಣೆ ತಕ್ಷಣ ಕಾಣದು. ಶೋಧಯಂತ್ರ ಮತ್ತೆ ಪುಟವನ್ನು ಓದುವವರೆಗೆ ಹಳೆಯ ಸಾಲುಗಳೇ ಇರುತ್ತವೆ. ಇತರರು ತಮ್ಮ ಪುಟಗಳಲ್ಲಿ ಪ್ರಕಟಿಸಿದ ಹೆಸರು, ದೂರವಾಣಿ ಸಂಖ್ಯೆ ಅಥವಾ ಫಲಿತಾಂಶ ಪಟ್ಟಿಗಳ ಮೇಲೆ ಈ ಹೊಂದಾಣಿಕೆಗಳಿಂದ ಯಾವ ಪರಿಣಾಮವೂ ಆಗದು.