ವೆಬ್‌ಜಿಎಲ್ ಉತ್ಪನ್ನ ಸಂಯೋಜಕ

ವೆಬ್‌ಜಿಎಲ್ ಉತ್ಪನ್ನ ಸಂಯೋಜಕವು ವಸ್ತುವೊಂದರ ಬಣ್ಣ, ಬಟ್ಟೆ ಮುಂತಾದವನ್ನು ಬದಲಿಸಿ ಅದರ ಮೂರು ಆಯಾಮದ ರೂಪವನ್ನು ಬ್ರೌಸರ್‌ನಲ್ಲಿಯೇ ನೋಡಲು ನೆರವಾಗುವ ತಂತ್ರಾಂಶ. ಕಡಿಮೆ ಮೆಮೊರಿಯ ಮೊಬೈಲ್‌ಗಳಲ್ಲಿ ಇದಕ್ಕೆ ಹೆಚ್ಚಾಗಿ ತೊಡಕಾಗುವುದು ಟೆಕ್ಸ್ಚರ್‌ಗಳು, ಅಂದರೆ ಮೇಲ್ಮೈಗೆ ಹೊದಿಸುವ ಚಿತ್ರಗಳು.

ಮೆಮೊರಿಯ ಲೆಕ್ಕ

ಜೆಪೆಗ್ ಕಡತ ಎಷ್ಟೇ ಚಿಕ್ಕದಾಗಿದ್ದರೂ ಗ್ರಾಫಿಕ್ಸ್ ಮೆಮೊರಿಯಲ್ಲಿ ಅದು ಪೂರ್ಣವಾಗಿ ಬಿಚ್ಚಿಕೊಳ್ಳುತ್ತದೆ. 2048×2048 ಪಿಕ್ಸೆಲ್‌ಗಳ ಚಿತ್ರಕ್ಕೆ, ಪ್ರತಿ ಪಿಕ್ಸೆಲ್‌ಗೆ 4 ಬೈಟ್‌ನಂತೆ, 16 ಎಂಬಿ ಬೇಕು. ದೂರದ ನೋಟಕ್ಕೆ ಬಳಸುವ ಕಿರು ಪ್ರತಿಗಳಾದ ಮಿಪ್‌ಮ್ಯಾಪ್‌ಗಳು ಸೇರಿದರೆ ಇದು ಸುಮಾರು 21 ಎಂಬಿ. ಸೋಫಾದ ಪ್ರತಿ ಬಟ್ಟೆಗೆ ಬಣ್ಣ, ಉಬ್ಬುತಗ್ಗು ಹಾಗೂ ಒರಟುತನದ ಮೂರು ಚಿತ್ರಗಳಿದ್ದರೆ ಒಂದು ಬಟ್ಟೆಗೆ 64 ಎಂಬಿ, ಆರು ಬಟ್ಟೆಗಳಿಗೆ 384 ಎಂಬಿ ಆಗುತ್ತದೆ.

ಪರಿಹಾರ

ಚಿತ್ರಗಳನ್ನು ಯುಎಎಸ್‌ಟಿಸಿ ವಿಧಾನದ ಕೆಟಿಎಕ್ಸ್2 ಕಡತಗಳಾಗಿಸಿದರೆ, ಎಎಸ್‌ಟಿಸಿ ಬೆಂಬಲವಿರುವ ಮೊಬೈಲ್‌ನಲ್ಲಿ ಅವು ಸಂಕುಚಿತವಾಗಿಯೇ ಉಳಿಯುತ್ತವೆ. ಆಗ ಪಿಕ್ಸೆಲ್‌ಗೆ 1 ಬೈಟ್ ಸಾಕು. ಒಂದು ಬಟ್ಟೆಗೆ 16 ಎಂಬಿ. ಆದರೆ ಇಂತಹ ಕಡತವು ಜೆಪೆಗ್‌ಗಿಂತ ದೊಡ್ಡದಾಗಿರಬಹುದು. ಆದ್ದರಿಂದ ವೇಗವಾಗಿ ತೆರೆಯಲು ಮೊದಲು ಒಂದೇ ಬಟ್ಟೆಯನ್ನು ತರಿಸಿ, ಉಳಿದವನ್ನು ಬಳಕೆದಾರರು ಆರಿಸಿದಾಗ ಮಾತ್ರ ತರಿಸಲಾಗುತ್ತದೆ.

ಸೋರಿಕೆಯ ಪತ್ತೆ

ಥ್ರೀ.ಜೆಎಸ್‌ನಲ್ಲಿ ಹಳೆಯ ಟೆಕ್ಸ್ಚರನ್ನು `dispose()` ಮೂಲಕ ಬಿಡುಗಡೆ ಮಾಡಬೇಕು. ಪ್ರತಿ ಬದಲಾವಣೆಗೂ `renderer.info.memory.textures` ಎಣಿಕೆ ಏರುತ್ತಲೇ ಹೋದರೆ ಹಳೆಯವು ಉಳಿದುಕೊಂಡಿವೆ ಎಂದರ್ಥ. ಮೆಮೊರಿ ಮುಗಿದಾಗ ಬ್ರೌಸರ್ `webglcontextlost` ಘಟನೆಯನ್ನು ಕಳುಹಿಸಬಹುದು, ಇಲ್ಲವೇ ಪುಟವನ್ನೇ ಮುಚ್ಚಬಹುದು.