ಹೆಚ್ಚು ಲಾಭ ಕೊಡುವ ವಸ್ತುವನ್ನೇ ತಯಾರಿಸಿದರೆ ಹೆಚ್ಚು ಲಾಭ ಸಿಗುತ್ತದೆಯೇ? ಗ್ರಾಫ್ ಬಿಡಿಸಿ ನೋಡೋಣ

"ಎರಡು ವಸ್ತು ತಯಾರಿಸುವವರು ಯಾವುದರಲ್ಲಿ ಲಾಭ ಜಾಸ್ತಿಯೋ ಅದನ್ನೇ ಮಾಡಬೇಕು, ಇನ್ನೊಂದನ್ನು ಬಿಟ್ಟುಬಿಡಬೇಕು." ವ್ಯಾಪಾರದ ಸಲಹೆಯಾಗಿ ಈ ಮಾತನ್ನು ನೀವೂ ಕೇಳಿರಬಹುದು. ಇದರ ಜೊತೆಗೆ ಕ್ವಾಂಟಿಟೇಟಿವ್ ಮೆಥಡ್ಸ್ ಪತ್ರಿಕೆ ಬರೆಯುವ ವಿದ್ಯಾರ್ಥಿಗಳ ನಡುವೆ ಇನ್ನೊಂದು ಮಾತೂ ಓಡಾಡುತ್ತದೆ: "ಗೆರೆಗಳು ಸೇರುವ ಬಿಂದುಗಳಲ್ಲಿ ಯಾವುದು ದೊಡ್ಡ ಉತ್ತರ ಕೊಡುತ್ತದೋ ಅದೇ ಸರಿ."

ಕೇಳುವುದಕ್ಕೆ ಎರಡೂ ಸರಿ ಎನಿಸುತ್ತವೆ. ನಿಜವಾಗಿ ಸರಿಯೇ? ಪರೀಕ್ಷೆಯಲ್ಲಿ ಬರುವಂಥದ್ದೇ ಒಂದು ಲೆಕ್ಕವನ್ನು ಹಂತ ಹಂತವಾಗಿ ಬಿಡಿಸಿ ಪರಿಶೀಲಿಸೋಣ. ಒಂದು ಹಾಳೆ, ಪೆನ್ಸಿಲ್, ಸ್ಕೇಲು ಹತ್ತಿರ ಇಟ್ಟುಕೊಂಡರೆ ಒಳ್ಳೆಯದು.

ಲೆಕ್ಕ ಏನು?

ಒಂದು ಸಣ್ಣ ಪೀಠೋಪಕರಣ ವರ್ಕ್‌ಶಾಪ್ ಇದೆ ಎಂದುಕೊಳ್ಳಿ. ಅಲ್ಲಿ ಟೇಬಲ್ ಮತ್ತು ಬೆತ್ತದ ಕುರ್ಚಿ ತಯಾರಾಗುತ್ತವೆ. ಒಂದು ಟೇಬಲ್‌ಗೆ 4 ಗಂಟೆ ಬಡಗಿ ಕೆಲಸ, 2 ಗಂಟೆ ಫಿನಿಷಿಂಗ್ ಬೇಕು. ಒಂದು ಕುರ್ಚಿಗೆ 2 ಗಂಟೆ ಬಡಗಿ ಕೆಲಸ ಸಾಕು. ಆದರೆ ಬೆತ್ತ ಹೆಣೆದು ಪಾಲಿಶ್ ಹೊಡೆಯಬೇಕಾದ್ದರಿಂದ ಫಿನಿಷಿಂಗ್‌ಗೆ 3 ಗಂಟೆ ಹಿಡಿಯುತ್ತದೆ.

ವಾರಕ್ಕೆ ಬಡಗಿಗಳ 120 ಗಂಟೆ, ಫಿನಿಷಿಂಗ್‌ನವರ 108 ಗಂಟೆ ಸಿಗುತ್ತದೆ. ಅಂಗಡಿಯವರು ವಾರಕ್ಕೆ 30 ಕುರ್ಚಿಗಿಂತ ಹೆಚ್ಚು ಕೊಳ್ಳುವುದಿಲ್ಲ. ಟೇಬಲ್‌ಗೆ 800 ರೂಪಾಯಿ, ಕುರ್ಚಿಗೆ 600 ರೂಪಾಯಿ ಲಾಭ. ವಾರಕ್ಕೆ ಎಷ್ಟು ಟೇಬಲ್, ಎಷ್ಟು ಕುರ್ಚಿ ಮಾಡಿದರೆ ಲಾಭ ಅತಿ ಹೆಚ್ಚು?

ಮೇಲಿನ ಮೊದಲ ಸಲಹೆಯಂತೆ ನಡೆದರೆ ಟೇಬಲ್ ಮಾತ್ರ ಮಾಡಬೇಕು. ಬಡಗಿಗಳ 120 ಗಂಟೆಯಲ್ಲಿ 30 ಟೇಬಲ್ ಆಗುತ್ತದೆ, ಲಾಭ 24,000 ರೂಪಾಯಿ. ಈ ಸಂಖ್ಯೆ ನೆನಪಿರಲಿ.

"ಒಂದು ವಸ್ತುವಿನ ಲಾಭ ನೋಡಬಾರದು, ಒಂದು ಗಂಟೆಗೆ ಎಷ್ಟು ಲಾಭ ಎಂದು ನೋಡಬೇಕು" ಎನ್ನುವವರೂ ಇದ್ದಾರೆ. ಅದನ್ನೂ ನೋಡೋಣ. ಬಡಗಿಯ ಒಂದು ಗಂಟೆಗೆ ಟೇಬಲ್ 200 ರೂಪಾಯಿ ತಂದರೆ ಕುರ್ಚಿ 300 ತರುತ್ತದೆ. ಅಂದರೆ ಕುರ್ಚಿ ಮೇಲು. ಫಿನಿಷಿಂಗ್‌ನ ಒಂದು ಗಂಟೆಗೆ ಟೇಬಲ್ 400 ತಂದರೆ ಕುರ್ಚಿ 200 ಮಾತ್ರ. ಇಲ್ಲಿ ಟೇಬಲ್ ಮೇಲು. ಎರಡು ಉತ್ತರಗಳೂ ಒಂದಕ್ಕೊಂದು ಎದುರು ನಿಂತಿವೆ. ಗ್ರಾಫ್ ಬೇಕಾಗುವುದು ಇಲ್ಲಿಯೇ.

ಹಂತ 1: ಮಾತನ್ನು ಸಮೀಕರಣವಾಗಿಸುವುದು

ಟೇಬಲ್‌ಗಳ ಸಂಖ್ಯೆ x, ಕುರ್ಚಿಗಳ ಸಂಖ್ಯೆ y ಎಂದಿಟ್ಟುಕೊಳ್ಳೋಣ. ಒಟ್ಟು ಲಾಭ Z.

```
Z = 800x + 600y   (ಇದು ಅತಿ ಹೆಚ್ಚಾಗಬೇಕು)

4x + 2y ≤ 120     ಬಡಗಿ ಕೆಲಸ
2x + 3y ≤ 108     ಫಿನಿಷಿಂಗ್
y ≤ 30            ಕುರ್ಚಿಯ ಬೇಡಿಕೆ
x ≥ 0, y ≥ 0
```

ಕೊನೆಯ ಸಾಲನ್ನು ಬಿಡಬೇಡಿ. ಟೇಬಲ್ ಆಗಲಿ ಕುರ್ಚಿಯಾಗಲಿ ಸೊನ್ನೆಗಿಂತ ಕಡಿಮೆ ತಯಾರಾಗುವುದಿಲ್ಲ ಎಂಬುದಷ್ಟೇ ಅದರ ಅರ್ಥ. ಆದರೆ ಅದಿಲ್ಲದಿದ್ದರೆ ಗ್ರಾಫಿನ ಎಡಬದಿಗೂ ತಳಕ್ಕೂ ಎಲ್ಲೆಯೇ ಇರುವುದಿಲ್ಲ.

ಹಂತ 2: ಗೆರೆ ಎಳೆಯುವುದು

ಅಡ್ಡ ಅಕ್ಷದಲ್ಲಿ ಟೇಬಲ್, ಉದ್ದ ಅಕ್ಷದಲ್ಲಿ ಕುರ್ಚಿ ಇಡೋಣ. ಪ್ರತಿ ಗೆರೆಗೆ ಎರಡು ಬಿಂದು ಸಾಕು. ಬಡಗಿ ಕೆಲಸದ ಸಮೀಕರಣದಲ್ಲಿ y = 0 ಎಂದರೆ x = 30, x = 0 ಎಂದರೆ y = 60. ಆದ್ದರಿಂದ (30, 0) ಮತ್ತು (0, 60) ಸೇರಿಸಿ ಗೆರೆ ಎಳೆಯಿರಿ. ಫಿನಿಷಿಂಗ್‌ಗೆ ಇದೇ ರೀತಿ (54, 0) ಮತ್ತು (0, 36) ಸಿಗುತ್ತವೆ. ಬೇಡಿಕೆಯ ಗೆರೆ y = 30ರಲ್ಲಿ ನೇರ ಅಡ್ಡಗೆರೆ.

ಗೆರೆಯ ಯಾವ ಬದಿ ನಮ್ಮದು? (0, 0) ಹಾಕಿ ನೋಡಿ. 0 ಎಂಬುದು 120ಕ್ಕಿಂತ ಕಡಿಮೆ, ಹಾಗಾಗಿ ಸೊನ್ನೆ ಇರುವ ಬದಿಯೇ ನಮ್ಮದು. ಉಳಿದ ಎರಡು ಗೆರೆಗಳಿಗೂ ಹಾಗೆಯೇ.

ಮೂರೂ ಷರತ್ತುಗಳಿಗೆ ಒಟ್ಟಿಗೆ ಒಪ್ಪುವ ಜಾಗಕ್ಕೆ ಛಾಯೆ ಹಾಕಿ. ಇದನ್ನು ಕಾರ್ಯಸಾಧ್ಯ ಪ್ರದೇಶ ಎನ್ನುತ್ತಾರೆ. ವರ್ಕ್‌ಶಾಪ್ ನಿಜವಾಗಿ ತಯಾರಿಸಬಲ್ಲ ಎಲ್ಲ ಜೋಡಿಗಳೂ ಇದರೊಳಗೇ ಇವೆ. ಹೊರಗಿನ ಒಂದು ಬಿಂದುವೂ ಅವರ ಕೈಗೆ ಎಟುಕುವುದಿಲ್ಲ.

ಹಂತ 3: ಮೂಲೆಗಳನ್ನು ಹುಡುಕುವುದು

ಛಾಯೆಯ ಪ್ರದೇಶಕ್ಕೆ ಐದು ಮೂಲೆಗಳಿವೆ. ಮೂರು ಅಕ್ಷಗಳ ಮೇಲೆಯೇ ಇವೆ: (0, 0), (30, 0), (0, 30). ಉಳಿದ ಎರಡನ್ನು ಸಮೀಕರಣ ಬಿಡಿಸಿ ಪಡೆಯಬೇಕು. ಗ್ರಾಫಿನಿಂದ ಕಣ್ಣಳತೆಯಲ್ಲಿ ಓದಿದರೆ 18ರ ಬದಲು 17 ಎಂದು ಕಂಡೀತು.

ಬಡಗಿ ಮತ್ತು ಫಿನಿಷಿಂಗ್ ಗೆರೆ ಸೇರುವಲ್ಲಿ ಹೀಗೆ ಮಾಡಿ. ಫಿನಿಷಿಂಗ್ ಸಮೀಕರಣವನ್ನು ಎರಡರಿಂದ ಗುಣಿಸಿ ಬಡಗಿಯದನ್ನು ಕಳೆಯಿರಿ.

```
4x + 6y = 216
4x + 2y = 120
4y = 96,  y = 24,  x = 18
```

ಫಿನಿಷಿಂಗ್ ಮತ್ತು ಬೇಡಿಕೆಯ ಗೆರೆ ಸೇರುವಲ್ಲಿ y = 30, ಆಗ 2x = 18, x = 9.

ಹಂತ 4: ಪ್ರತಿ ಮೂಲೆಯ ಲಾಭ

```
(0, 0)      0
(30, 0)     24,000
(18, 24)    14,400 + 14,400 = 28,800
(9, 30)      7,200 + 18,000 = 25,200
(0, 30)     18,000
```

ಉತ್ತರ: 18 ಟೇಬಲ್, 24 ಕುರ್ಚಿ, ಲಾಭ 28,800 ರೂಪಾಯಿ. "ಟೇಬಲ್ ಮಾತ್ರ" ಎಂಬ ಸಲಹೆ ಕೇಳಿದ್ದರೆ ವಾರಕ್ಕೆ 4,800 ರೂಪಾಯಿ ಕೈಬಿಟ್ಟುಹೋಗುತ್ತಿತ್ತು.

ಮೂಲೆಗಳನ್ನು ಮಾತ್ರ ನೋಡಿದರೆ ಸಾಕೇ, ನಡುವೆ ಎಲ್ಲೋ ಇನ್ನೂ ಹೆಚ್ಚು ಲಾಭ ಅಡಗಿರಬಹುದಲ್ಲವೇ ಎಂದು ನಿಮಗೆ ಅನಿಸಬಹುದು. ಸ್ಕೇಲು ತೆಗೆದುಕೊಳ್ಳಿ. (15, 0) ಮತ್ತು (0, 20) ಬಿಂದುಗಳನ್ನು ಸೇರಿಸಿ. ಈ ಗೆರೆಯ ಮೇಲಿನ ಯಾವ ಜೋಡಿ ತೆಗೆದುಕೊಂಡರೂ ಲಾಭ 12,000 ರೂಪಾಯಿಯೇ. ಈಗ ಸ್ಕೇಲನ್ನು ಓರೆ ಬದಲಿಸದೆ ಮೇಲಕ್ಕೆ, ಬಲಕ್ಕೆ ಸರಿಸುತ್ತಾ ಹೋಗಿ. ಸರಿಸಿದಷ್ಟೂ ಲಾಭ ಏರುತ್ತದೆ. ಛಾಯೆಯ ಪ್ರದೇಶವನ್ನು ಬಿಟ್ಟು ಹೊರಡುವ ಮುನ್ನ ಸ್ಕೇಲು ಕೊನೆಯದಾಗಿ ತಾಗುವುದು ಒಂದು ಮೂಲೆಯನ್ನೇ. ನಮ್ಮ ಲೆಕ್ಕದಲ್ಲಿ ಅದು (18, 24).

ಗ್ರಾಫ್ ಇಲ್ಲದೆಯೂ ತಾಳೆ ನೋಡಬಹುದೇ?

ನೋಡಬಹುದು. ವರ್ಕ್‌ಶಾಪ್ 30 ಟೇಬಲ್ ಮಾತ್ರ ಮಾಡಿದಾಗ ಫಿನಿಷಿಂಗ್‌ಗೆ 60 ಗಂಟೆ ಸಾಕು. ಉಳಿದ 48 ಗಂಟೆ ಅವರು ಸುಮ್ಮನೆ ಕೂತಿರುತ್ತಾರೆ. ಈಗ ಒಂದು ಟೇಬಲ್ ಬಿಡಿ. ಬಡಗಿಯ 4 ಗಂಟೆ ಉಳಿದು ಎರಡು ಕುರ್ಚಿ ಆಗುತ್ತದೆ. 800 ಹೋಗಿ 1,200 ಬಂತು, ಅಂದರೆ 400 ರೂಪಾಯಿ ಹೆಚ್ಚು. ಈ ಬದಲಾವಣೆಗೆ ಫಿನಿಷಿಂಗ್‌ನಲ್ಲಿ 4 ಗಂಟೆ ಹೆಚ್ಚುವರಿಯಾಗಿ ಬೇಕು. ಇರುವುದು 48 ಗಂಟೆ. ಆದ್ದರಿಂದ ಇದನ್ನು 12 ಸಲ ಮಾಡಬಹುದು. 30ರಲ್ಲಿ 12 ಕಳೆದರೆ 18 ಟೇಬಲ್, 24 ಕುರ್ಚಿ. ಲಾಭದಲ್ಲಿ ಏರಿಕೆ 12 × 400 = 4,800. ಲೆಕ್ಕ ಸರಿಯಾಗಿ ತಾಳೆಯಾಯಿತು.

ಇನ್ನೂ ಮುಂದಕ್ಕೆ ಹೋದರೆ? ಈಗ ಫಿನಿಷಿಂಗ್‌ನಲ್ಲಿ ಬಿಡುವಿಲ್ಲ. ಎರಡು ಕುರ್ಚಿಗೆ ಬೇಕಾದ 6 ಗಂಟೆಗಾಗಿ ಮೂರು ಟೇಬಲ್ ಬಿಡಬೇಕು. 1,200 ಬಂದು 2,400 ಹೋಗುತ್ತದೆ. ಹಾಗಾಗಿ ಅಲ್ಲಿಯೇ ನಿಲ್ಲಬೇಕು.

"ದೊಡ್ಡ ಉತ್ತರವೇ ಸರಿ" ಎಂಬುದರ ಕಥೆ ಏನು?

ಗ್ರಾಫನ್ನು ಮತ್ತೊಮ್ಮೆ ನೋಡಿ. ಬಡಗಿ ಗೆರೆ ಮತ್ತು ಬೇಡಿಕೆಯ ಗೆರೆಯೂ ಒಂದು ಕಡೆ ಸೇರುತ್ತವೆ, (15, 30)ರಲ್ಲಿ. ಅಲ್ಲಿಯ ಲಾಭ 12,000 + 18,000 = 30,000. ನಮ್ಮ ಉತ್ತರಕ್ಕಿಂತ 1,200 ರೂಪಾಯಿ ಹೆಚ್ಚು! ಎರಡನೆಯ ಸಲಹೆಯನ್ನು ನಂಬಿದವರು ಇದನ್ನೇ ಬರೆದು ಅಂಕ ಕಳೆದುಕೊಳ್ಳುತ್ತಾರೆ.

ತಪ್ಪು ಎಲ್ಲಿದೆ? 15 ಟೇಬಲ್, 30 ಕುರ್ಚಿಗೆ ಫಿನಿಷಿಂಗ್ 30 + 90 = 120 ಗಂಟೆ ಬೇಕು. ಇರುವುದು 108. ಆ ಬಿಂದು ಛಾಯೆಯ ಹೊರಗಿದೆ. ಆದ್ದರಿಂದ ಗೆರೆಗಳು ಸೇರಿದ ಮಾತ್ರಕ್ಕೆ ಅದು ಮೂಲೆಯಾಗುವುದಿಲ್ಲ. ಸಿಕ್ಕ ಬಿಂದುವನ್ನು ಎಲ್ಲ ಷರತ್ತುಗಳಿಗೂ ಹಾಕಿ ನೋಡಿ. ಒಂದಕ್ಕೆ ಒಪ್ಪದಿದ್ದರೂ ಅದನ್ನು ಕೈಬಿಡಿ.

ಹಾಗಾದರೆ ಮೊದಲ ಸಲಹೆ ಯಾವಾಗಲೂ ತಪ್ಪೇ?

ಇಲ್ಲ, ಕೆಲವೊಮ್ಮೆ ಸರಿಯಾಗುತ್ತದೆ. ಒಂದು ಟೇಬಲ್ ಬಿಟ್ಟರೆ ಎರಡು ಕುರ್ಚಿಯ 1,200 ರೂಪಾಯಿ ಸಿಗುತ್ತದೆ ಎಂದು ಕಂಡೆವಲ್ಲ. ಟೇಬಲ್‌ನ ಲಾಭವೇ 1,300 ಆದರೆ ಈ ಅದಲುಬದಲು ನಷ್ಟ. ಆಗ 30 ಟೇಬಲ್‌ಗೆ 39,000, ನಮ್ಮ ಹಳೆಯ ಜೋಡಿಗೆ 37,800. ಟೇಬಲ್ ಮಾತ್ರ ಮಾಡುವುದೇ ಲೇಸು. ಸರಿಯಾಗಿ 1,200 ಇದ್ದರೆ ಎರಡೂ ಮೂಲೆಗಳಲ್ಲಿ 36,000. ಆ ಎರಡನ್ನು ಸೇರಿಸುವ ಅಂಚಿನ ಮೇಲಿನ ಎಲ್ಲ ಬಿಂದುಗಳಲ್ಲೂ ಅಷ್ಟೇ. ಪರೀಕ್ಷೆಯಲ್ಲಿ ಎರಡು ಮೂಲೆಗೆ ಒಂದೇ ಗರಿಷ್ಠ ಉತ್ತರ ಬಂದರೆ ಗಾಬರಿಪಡಬೇಡಿ, ಒಂದಕ್ಕಿಂತ ಹೆಚ್ಚು ಪರಿಹಾರಗಳಿವೆ ಎಂದು ಬರೆಯಿರಿ.

ಟೇಬಲ್‌ನ ಲಾಭ 400ಕ್ಕಿಂತ ಕೆಳಗಿಳಿದರೆ ಉತ್ತರ (9, 30)ಕ್ಕೆ ಜಾರುತ್ತದೆ. ಕುರ್ಚಿಯ ಲಾಭ 600ರಲ್ಲೇ ಇದ್ದು ಟೇಬಲ್‌ನದು 400 ಮತ್ತು 1,200ರ ನಡುವೆ ಎಲ್ಲಿದ್ದರೂ 18 ಮತ್ತು 24ರ ಜೋಡಿ ಅಲುಗುವುದಿಲ್ಲ. ಲಾಭದ ಅಂದಾಜು ಸ್ವಲ್ಪ ಹೆಚ್ಚುಕಡಿಮೆಯಾದರೂ ತಯಾರಿಕೆಯ ಯೋಜನೆ ಬದಲಿಸಬೇಕಿಲ್ಲ ಎಂದರ್ಥ.

ಈ ವಿಧಾನದ ಮಿತಿ ಏನು?

ನಮ್ಮ ಉತ್ತರ ಪೂರ್ಣಸಂಖ್ಯೆಯಲ್ಲಿ ಬಂದದ್ದು ಅದೃಷ್ಟ. ಬಡಗಿಯ ಗಂಟೆ 122 ಆಗಿದ್ದರೆ ಮೂಲೆ (18.75, 23.5) ಆಗುತ್ತಿತ್ತು. ಮುಕ್ಕಾಲು ಟೇಬಲ್ ಮಾರಲಾಗದು. ಮೇಲಕ್ಕೆ ದುಂಡಾಗಿಸಿ 19 ಮತ್ತು 24 ಎಂದರೆ 124 ಗಂಟೆ ಬೇಕು, ಅಷ್ಟಿಲ್ಲ. ಕೆಳಕ್ಕೆ 18 ಮತ್ತು 23 ಎಂದರೆ ಲಾಭ 28,200. ಸರಿಯಾದ ಜೋಡಿ 19 ಮತ್ತು 23, ಲಾಭ 29,000. ಭಿನ್ನರಾಶಿ ಬಂದಾಗ ಸುತ್ತಲಿನ ಪೂರ್ಣಸಂಖ್ಯೆಗಳನ್ನು ಒಂದೊಂದಾಗಿ ಪರೀಕ್ಷಿಸಬೇಕು.

ಎರಡನೆಯದಾಗಿ, ಹಾಳೆಗೆ ಇರುವುದು ಎರಡೇ ಅಕ್ಷ. ಸ್ಟೂಲ್, ಕಪಾಟು ಎಂದು ವಸ್ತುಗಳು ಹೆಚ್ಚಾದರೆ ಚಿತ್ರ ಬಿಡಿಸಲಾಗದು. ಅಮೆರಿಕದ ಗಣಿತಜ್ಞ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ರೂಪಿಸಿದ ಸಿಂಪ್ಲೆಕ್ಸ್ ವಿಧಾನ ಅಲ್ಲಿ ನೆರವಿಗೆ ಬರುತ್ತದೆ. ಅದು ಮಾಡುವುದೂ ಇದನ್ನೇ: ಒಂದು ಮೂಲೆಯಿಂದ ಲಾಭ ಹೆಚ್ಚಿರುವ ಪಕ್ಕದ ಮೂಲೆಗೆ ನಡೆಯುತ್ತಾ, ಮುಂದೆ ಏರಿಕೆ ಇಲ್ಲದ ಮೂಲೆಯಲ್ಲಿ ನಿಲ್ಲುವುದು. ನಾವು 30 ಟೇಬಲ್‌ನಿಂದ 18 ಮತ್ತು 24ಕ್ಕೆ ನಡೆದು ನಿಂತೆವಲ್ಲ, ಹಾಗೆಯೇ.

ನಮ್ಮ ತೀರ್ಮಾನ

"ಹೆಚ್ಚು ಲಾಭದ ವಸ್ತುವನ್ನೇ ಮಾಡಿ" ಎಂಬುದು ಅರ್ಧಸತ್ಯ. ಒಂದು ವಸ್ತುವಿನ ಲಾಭದ ಜೊತೆಗೆ ಅದು ಯಾವ ಕೆಲಸದ ಎಷ್ಟು ಗಂಟೆ ನುಂಗುತ್ತದೆ ಎಂಬುದನ್ನೂ ನೋಡಬೇಕು. "ದೊಡ್ಡ ಉತ್ತರ ಕೊಡುವ ಬಿಂದುವೇ ಸರಿ" ಎಂಬುದು ತಪ್ಪು. ಆ ಬಿಂದು ಛಾಯೆಯೊಳಗೆ ಇದ್ದರೆ ಮಾತ್ರ ಅದು ಲೆಕ್ಕಕ್ಕೆ ಬರುತ್ತದೆ.