ಕಾಂದಿವಲಿಯ ಕರೆಂಟು ಮತ್ತು ಐದು ಅಂತಸ್ತುಗಳು

2020ರ ಅಕ್ಟೋಬರ್ 12, ಸೋಮವಾರ. ಬೆಳಗ್ಗೆ ಹತ್ತು ದಾಟಿ ಕೆಲವು ನಿಮಿಷಗಳಾಗುವಷ್ಟರಲ್ಲಿ ಕಾಂದಿವಲಿಯಲ್ಲಿ ಫ್ಯಾನು ನಿಂತಿತು, ಲಿಫ್ಟು ನಿಂತಿತು, ಲೋಕಲ್ ಗಾಡಿಯೂ ಹಳಿಯ ಮೇಲೆಯೇ ನಿಂತಿತು. ಕೊರೋನಾದ ಕಾಲ. ಗಾಡಿಗಳಲ್ಲಿ ಅಗತ್ಯ ಸೇವೆಯವರಿಗೆ ಮಾತ್ರ ಪ್ರವೇಶವಿತ್ತು, ಉಳಿದವರು ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಕರೆಂಟು ಹೋಗುವುದೇ ಅಪರೂಪವಾದ ಊರಿನಲ್ಲಿ ಜನ ಮೊದಲು ತಮ್ಮ ಮನೆಯ ಫ್ಯೂಸು ನೋಡಿದರು, ಆಮೇಲೆ ಎದುರಿನ ಕಟ್ಟಡ ನೋಡಿದರು. ಚರ್ಚ್‌ಗೇಟಿನಿಂದ ಠಾಣೆಯವರೆಗೂ ಇದೇ ಕತೆ ಎಂದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ತೊಂದರೆ ಶುರುವಾದದ್ದು ಹತ್ತು ಗಂಟೆಗಲ್ಲ. ಮುಂಬೈಗೆ ಹೊರಗಿನಿಂದ ಬರುವ ವಿದ್ಯುತ್ತಿನ ದೊಡ್ಡ ಪಾಲು ಆಗ 400 ಕಿಲೋವೋಲ್ಟ್‌ನ ಕೆಲವೇ ಲೈನುಗಳ ಮೇಲೆ ನಿಂತಿತ್ತು. ಅವುಗಳಲ್ಲಿ ಕಳವಾ ಮತ್ತು ಪಡಘಾ ನಡುವಿನ ಜೋಡಿ ಲೈನುಗಳು ಮುಖ್ಯವಾದವು. ಆ ಜೋಡಿಯಲ್ಲಿ ಒಂದು ನಸುಕಿನಲ್ಲೇ ಕೈಕೊಟ್ಟಿತ್ತು. ಹತ್ತು ಗಂಟೆಯ ಹೊತ್ತಿಗೆ ಇನ್ನೊಂದೂ ಹೋಯಿತು. ಅವು ಹೊರುತ್ತಿದ್ದ ಭಾರವೆಲ್ಲ ಖಾರ್‌ಘರ್ ಕಡೆಯ ದಾರಿಯ ಮೇಲೆ ಬಿತ್ತು, ಆ ದಾರಿಯೂ ತಡೆಯಲಿಲ್ಲ. ನಸುಕಿನಿಂದ ಹತ್ತರವರೆಗೆ ಗಂಟೆಗಟ್ಟಲೆ ಸಮಯ ಸಿಕ್ಕಿತ್ತು. ಕೊನೆಯ ಕುಸಿತಕ್ಕೆ ಕೆಲವೇ ನಿಮಿಷ ಸಾಕಾಯಿತು.

ಹಾಗಾದರೆ ಕಾಂದಿವಲಿಯ ಕರೆಂಟನ್ನು ತೆಗೆಯಬೇಕೆಂದು ತೀರ್ಮಾನಿಸಿದವರು ಯಾರು? ಯಾವ ಅಧಿಕಾರಿಯೂ ಅಲ್ಲ. ಆದರೆ ಹಲವು ಯಂತ್ರಗಳು, ಹಲವು ಎತ್ತರಗಳಲ್ಲಿ ಕುಳಿತು, ತಮ್ಮ ತಮ್ಮ ಪಾಲಿನ ತೀರ್ಮಾನ ತೆಗೆದುಕೊಂಡವು. ಈ ಎತ್ತರಗಳನ್ನೇ ಎಂಜಿನಿಯರುಗಳು ಆಟೊಮೇಷನ್ ಪಿರಮಿಡ್ ಎಂದು ಕರೆಯುತ್ತಾರೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಥಿಯೋಡೋರ್ ವಿಲಿಯಮ್ಸ್ ಮತ್ತು ಸಂಗಡಿಗರು 1990ರ ದಶಕದ ಆರಂಭದಲ್ಲಿ ಕಾರ್ಖಾನೆಗಳಿಗಾಗಿ ಇದನ್ನು ಅಂತಸ್ತು ಅಂತಸ್ತಾಗಿ ಬಿಡಿಸಿಟ್ಟರು. ಪಠ್ಯಪುಸ್ತಕಗಳಲ್ಲಿ ಇದು ಬಣ್ಣದ ತ್ರಿಕೋನವಾಗಿ ಕಾಣುತ್ತದೆ. ಕಾಂದಿವಲಿಯ ತಂತಿಯ ಮೇಲಿಟ್ಟು ನೋಡಿದರೆ ಅದು ಸಮಯದ ಏಣಿ.

ಎಲ್ಲಕ್ಕಿಂತ ಕೆಳಗೆ ಮುಟ್ಟಬಹುದಾದ ವಸ್ತುಗಳಿವೆ. ಲೈನಿನ ಕರೆಂಟನ್ನು ಅಳೆಯುವ ಸಿಟಿ, ವೋಲ್ಟೇಜನ್ನು ಅಳೆಯುವ ಪಿಟಿ, ಲೈನನ್ನು ಕಡಿಯುವ ಬ್ರೇಕರ್. ಅದರ ಮೇಲಿನ ಅಂತಸ್ತಿನಲ್ಲಿ ರಿಲೇ ಇದೆ. ಅಪಾಯ ಕಂಡರೆ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಬ್ರೇಕರಿಗೆ ‘ಬಿಡು’ ಎನ್ನುತ್ತದೆ, ಯಾರ ಅಪ್ಪಣೆಗೂ ಕಾಯುವುದಿಲ್ಲ. ಮೂರನೆಯದು ಕಂಟ್ರೋಲ್ ರೂಮಿನ ಪರದೆ. ಅಲ್ಲಿ ಮನುಷ್ಯರು ಸೆಕೆಂಡು, ನಿಮಿಷಗಳ ಲೆಕ್ಕದಲ್ಲಿ ನೋಡುತ್ತಾರೆ, ಮಾಡುತ್ತಾರೆ. ನಾಲ್ಕನೆಯದು ಯೋಜನೆಯ ಅಂತಸ್ತು. ಭಾರತದಲ್ಲಿ ವಿದ್ಯುತ್ತಿನ ವೇಳಾಪಟ್ಟಿ ನಡೆಯುವುದು 15 ನಿಮಿಷದ ತುಂಡುಗಳಲ್ಲಿ, ದಿನಕ್ಕೆ 96 ತುಂಡು. ಯಾವ ತುಂಡಿನಲ್ಲಿ ಯಾವ ಸ್ಥಾವರ ಎಷ್ಟು ಕೊಡಬೇಕೆಂಬುದು ಅಲ್ಲಿ ನಿರ್ಧಾರವಾಗುತ್ತದೆ. ಐದನೆಯದು ಬಿಲ್ಲು, ಖರೀದಿ, ಲೆಕ್ಕಪತ್ರದ ಕಚೇರಿ. ಅದರ ಗಡಿಯಾರ ತಿಂಗಳಿನದು.

ಕೆಳಗಿನಿಂದ ಮೇಲಕ್ಕೆ ಹೋದಂತೆ ಕಣ್ಣಿಗೆ ಬೀಳುವ ಪ್ರದೇಶ ಹಿಗ್ಗುತ್ತದೆ, ಕೈಯ ವೇಗ ಕುಗ್ಗುತ್ತದೆ. ರಿಲೇಗೆ ತನ್ನ ಲೈನೊಂದು ಬಿಟ್ಟರೆ ಲೋಕವಿಲ್ಲ. ಇಡೀ ರಾಜ್ಯವನ್ನು ನೋಡುವುದು ಐರೋಳಿಯ ರಾಜ್ಯ ಲೋಡ್ ಡಿಸ್ಪ್ಯಾಚ್ ಕೇಂದ್ರ. ಆದರೆ ಅಲ್ಲಿನವರು ಒಂದು ಫೋನ್ ಮಾಡುವಷ್ಟರಲ್ಲಿ ರಿಲೇ ತನ್ನ ಕೆಲಸ ಮುಗಿಸಿ ಕೂತಿರುತ್ತದೆ.

ಮಧ್ಯದ ಅಂತಸ್ತುಗಳಲ್ಲಿ ಎರಡು ಹೆಸರುಗಳು ಸದಾ ಕಲಸಿಹೋಗುತ್ತವೆ: ಸ್ಕಾಡಾ ಮತ್ತು ಡಿಸಿಎಸ್. ಎರಡರಲ್ಲೂ ಪರದೆ ಇದೆ, ಬಣ್ಣದ ಚಿತ್ರವಿದೆ, ಅಲಾರಮ್ ಇದೆ. ಹೆಸರುಗಳನ್ನು ಬಿಡಿಸಿದರೆ ಗೊಂದಲ ಹೆಚ್ಚುತ್ತದೆ. ಸ್ಕಾಡಾ ಎಂದರೆ ಮೇಲುಸ್ತುವಾರಿಯ ನಿಯಂತ್ರಣ ಮತ್ತು ಮಾಹಿತಿ ಸಂಗ್ರಹ. ಡಿಸಿಎಸ್ ಎಂದರೆ ಹಂಚಿಹೋದ ನಿಯಂತ್ರಣ ವ್ಯವಸ್ಥೆ. ಆದರೆ ನೂರಾರು ಮೈಲಿ ಹಂಚಿಹೋಗಿರುವುದು ಸ್ಕಾಡಾ. ಡಿಸಿಎಸ್ ಇರುವುದು ಒಂದೇ ಕಾಂಪೌಂಡಿನೊಳಗೆ.

ಹೆಸರು ಹೀಗಾದದ್ದಕ್ಕೆ ಕಾರಣ ಚರಿತ್ರೆಯಲ್ಲಿದೆ. 1960ರ ದಶಕದಲ್ಲಿ ಕೆಲವು ಸ್ಥಾವರಗಳು ಎಲ್ಲ ವಾಲ್ವುಗಳ ಉಸ್ತುವಾರಿಯನ್ನು ಒಂದೇ ಕಂಪ್ಯೂಟರಿಗೆ ವಹಿಸಿದವು. ಆ ಒಂದು ಕಂಪ್ಯೂಟರ್ ಕೆಟ್ಟರೆ ಇಡೀ ಸ್ಥಾವರಕ್ಕೇ ಕುತ್ತು. 1975ರಲ್ಲಿ ಹನಿವೆಲ್ ಕಂಪನಿಯ ಟಿಡಿಸಿ 2000, ಜಪಾನಿನ ಯೊಕೊಗಾವಾದ ಸೆಂಟಮ್ ಬಂದವು. ಅವು ಆ ಒಂದು ಮಿದುಳನ್ನು ಹಲವು ಸಣ್ಣ ಕಂಟ್ರೋಲರುಗಳಾಗಿ ಒಡೆದು ಒಂದೇ ತಂತಿಗೆ ಪೋಣಿಸಿದವು. ಹಂಚಿದ್ದು ಜಾಗವನ್ನಲ್ಲ, ಕುತ್ತನ್ನು. ಸ್ಕಾಡಾದ ವಂಶ ಬೇರೆ. ದೂರದ ಸಬ್‌ಸ್ಟೇಷನ್ನಿನ ಸ್ವಿಚ್ಚನ್ನು ಟೆಲಿಫೋನಿನಂಥ ತಂತಿಯ ಮೂಲಕ ಊರಲ್ಲಿ ಕೂತೇ ಎಳೆಯಬೇಕೆಂಬ ಹಳೆಯ ಆಸೆಯ ಮಗು ಅದು. ಆ ತಂತಿ ಯಾವಾಗ ಬೇಕಾದರೂ ಕಡಿಯಬಹುದು ಎಂಬ ಅಪನಂಬಿಕೆ ಅದಕ್ಕೆ ಹುಟ್ಟಿನಿಂದಲೇ ಬಂದಿದೆ.

ಈ ಅಪನಂಬಿಕೆಯನ್ನು ಸ್ಕಾಡಾದ ನಡವಳಿಕೆಯಲ್ಲೇ ಕಾಣಬಹುದು. ಸಬ್‌ಸ್ಟೇಷನ್ನಿನಲ್ಲಿ ಆರ್‌ಟಿಯು ಎಂಬ ಪೆಟ್ಟಿಗೆ ಇರುತ್ತದೆ. ಎಲ್ಲವನ್ನೂ ಸದಾ ಕಳಿಸುತ್ತ ಕೂರದೆ, ಬೆಲೆ ಒಂದು ಮಿತಿಗಿಂತ ಹೆಚ್ಚು ಬದಲಾದಾಗ ಅದು ಸುದ್ದಿ ಕಳಿಸುತ್ತದೆ, ಸುದ್ದಿಗೆ ಹೊತ್ತಿನ ಮುದ್ರೆ ಒತ್ತುತ್ತದೆ. ಆದ್ದರಿಂದ ಪರದೆಯ ಮೇಲೆ ಒಂದು ಸಂಖ್ಯೆ ಅಲುಗಾಡದೆ ನಿಂತರೆ ಎರಡು ಅರ್ಥ ಸಾಧ್ಯ: ಲೈನು ಶಾಂತವಾಗಿದೆ, ಇಲ್ಲವೇ ಸುದ್ದಿಯ ತಂತಿ ಸತ್ತಿದೆ. ಎರಡನ್ನೂ ಬೇರ್ಪಡಿಸಲು ಪ್ರತಿ ಸಂಖ್ಯೆಯ ಜತೆ ಅದು ನಂಬಲು ಯೋಗ್ಯವೇ ಎಂಬ ಗುರುತೂ ಬರುತ್ತದೆ. ಅನುಭವಿ ಆಪರೇಟರ್ ಮೊದಲು ನೋಡುವುದು ಆ ಗುರುತನ್ನು. ಬ್ರೇಕರ್ ತೆರೆಯುವುದೂ ಎರಡು ಹೆಜ್ಜೆಯ ಕೆಲಸ. ಮೊದಲು ‘ಇದೇ ಬ್ರೇಕರ್’ ಎಂದು ಆರಿಸಬೇಕು. ಆರ್‌ಟಿಯು ‘ಹೌದು, ಇದೇ’ ಎಂದು ಮರುನುಡಿದ ಮೇಲೆಯೇ ಆಜ್ಞೆ ಕೊಡಬೇಕು.

ಡಿಸಿಎಸ್‌ಗೆ ಇಷ್ಟು ಸಾವಧಾನ ಇರುವುದಿಲ್ಲ. ಅದಕ್ಕೆ ಉದಾಹರಣೆಯನ್ನೂ ಅದೇ ದಿನದಿಂದ ತೆಗೆದುಕೊಳ್ಳಬಹುದು. ಕಾಂದಿವಲಿಯ ಬಹುಪಾಲು ಮನೆಗಳಿಗೆ ಕರೆಂಟು ಕೊಡುವುದು ಹಿಂದೆ ಬಿಎಸ್‌ಇಎಸ್, ಆಮೇಲೆ ರಿಲಯನ್ಸ್, 2018ರಿಂದ ಅದಾನಿ ಎಂಬ ಹೆಸರಿನ ಸಂಸ್ಥೆ. ಉತ್ತರಕ್ಕೆ, ಡಹಾಣುವಿನಲ್ಲಿ, ಆಗ ಅದಕ್ಕೆ 250 ಮೆಗಾವ್ಯಾಟಿನ ಎರಡು ಘಟಕಗಳ ಕಲ್ಲಿದ್ದಲು ಸ್ಥಾವರವಿತ್ತು. ಗ್ರಿಡ್ ಕುಸಿಯುವಾಗ ಇಂಥ ಸ್ಥಾವರವನ್ನೂ ಅದರ ಸುತ್ತಲಿನ ಸ್ವಲ್ಪ ಬೇಡಿಕೆಯನ್ನೂ ಕಡಿದು ದ್ವೀಪದಂತೆ ಉಳಿಸಿಕೊಳ್ಳುವ ಏರ್ಪಾಡಿರುತ್ತದೆ. ಅಂದು ಮುಂಬೈಯ ದೊಡ್ಡ ದ್ವೀಪ ಉಳಿಯಲಿಲ್ಲ. ನಗರದ ಬೇಡಿಕೆಗೆ ಹೋಲಿಸಿದರೆ ಒಳಗಿನ ಉತ್ಪಾದನೆ ತೀರ ಕಡಿಮೆ ಇತ್ತು. ಆದರೆ ಡಹಾಣುವಿನಿಂದ ಸುಮಾರು 385 ಮೆಗಾವ್ಯಾಟನ್ನು ಅಗತ್ಯ ಸೇವೆಗಳಿಗೆ ಕೊಡುತ್ತಿದ್ದೇವೆ ಎಂದು ಸಂಸ್ಥೆ ಅಂದೇ ತಿಳಿಸಿತು.

ದ್ವೀಪವಾಗುವ ಆ ಗಳಿಗೆಯಲ್ಲಿ ಇಂಥ ಸ್ಥಾವರದೊಳಗೆ ಏನಾಗುತ್ತದೆ? ಲೆಕ್ಕಕ್ಕಾಗಿ, 500 ಮೆಗಾವ್ಯಾಟ್ ಕೊಡುತ್ತಿದ್ದ ಯಂತ್ರಗಳ ಮುಂದೆ 400ರ ಬೇಡಿಕೆ ಮಾತ್ರ ಉಳಿಯಿತು ಎನ್ನೋಣ. ಮಿಕ್ಕ 100 ಮೆಗಾವ್ಯಾಟ್ ಟರ್ಬೈನನ್ನು ವೇಗವಾಗಿ ತಿರುಗಿಸತೊಡಗುತ್ತದೆ. ಗವರ್ನರ್ ಉಗಿಯ ವಾಲ್ವನ್ನು ಮುಚ್ಚುತ್ತ ಬರುತ್ತದೆ. ಪೂರ್ತಿ ಭಾರ ಇಳಿದರೆ ಶೇ. 5ರಷ್ಟು, ಅಂದರೆ 2.5 ಹರ್ಟ್ಸ್ ಏರಲು ಬಿಡುವಂತೆ ಅದನ್ನು ಹೊಂದಿಸಿದ್ದರೆ, ಐದನೇ ಒಂದು ಭಾರ ಇಳಿದದ್ದಕ್ಕೆ ಅರ್ಧ ಹರ್ಟ್ಸ್ ಏರಿ, 50.5ರ ಆಸುಪಾಸಿನಲ್ಲಿ ವೇಗ ನೆಲೆ ನಿಲ್ಲುತ್ತದೆ.

ಅಲ್ಲಿಗೆ ಮುಗಿಯಲಿಲ್ಲ. ವಾಲ್ವು ಮುಚ್ಚಿದರೂ ಬಾಯ್ಲರಿನ ಬೆಂಕಿ ತಕ್ಷಣ ತಗ್ಗುವುದಿಲ್ಲ. ಉಗಿಯ ಒತ್ತಡ ಏರುತ್ತದೆ. ಒತ್ತಡ ಏರಿದಾಗ ಬಾಯ್ಲರ್ ಡ್ರಮ್ಮಿನ ನೀರಿನೊಳಗಿನ ಗುಳ್ಳೆಗಳು ಕುಗ್ಗಿ, ನೀರು ಕಡಿಮೆಯಾದಂತೆ ಮಟ್ಟ ಇಳಿಯುತ್ತದೆ. ಮಟ್ಟವನ್ನಷ್ಟೇ ನಂಬಿದ ನಿಯಂತ್ರಣ ಹೆಚ್ಚು ನೀರು ನುಗ್ಗಿಸಿ ತಪ್ಪು ಮಾಡುತ್ತದೆ. ಆದ್ದರಿಂದ ಡಿಸಿಎಸ್ ಮಟ್ಟದ ಜತೆಗೆ ಹೊರಹೋಗುವ ಉಗಿ, ಒಳಬರುವ ನೀರು ಎರಡನ್ನೂ ಅಳೆದು, ಮೂರನ್ನೂ ತೂಗಿ ವಾಲ್ವು ತಿರುಗಿಸುತ್ತದೆ. ಇತ್ತ ಹೆಚ್ಚುವರಿ ಉಗಿಯನ್ನು ಟರ್ಬೈನು ತಪ್ಪಿಸಿ ಕಂಡೆನ್ಸರಿಗೆ ಬಿಡಬೇಕು, ಕಲ್ಲಿದ್ದಲನ್ನೂ ಇಳಿಸಬೇಕು. ಇವೆಲ್ಲ ಒಂದಕ್ಕೊಂದು ಹೆಣೆದುಕೊಂಡಿವೆ, ಸೆಕೆಂಡಿಗೆ ಹಲವು ಸಲ ಹೊಸದಾಗಿ ಲೆಕ್ಕವಾಗಬೇಕು.

ವ್ಯತ್ಯಾಸ ಅರಿಯಲು ಒಂದು ಸುಲಭ ಪರೀಕ್ಷೆ ಇದೆ: ಮನಸ್ಸಿನಲ್ಲೇ ತಂತಿ ಕಡಿದು ನೋಡುವುದು. ಸ್ಕಾಡಾದ ಸಂಪರ್ಕ ಕಡಿದರೆ ಕಾಂದಿವಲಿಯ ದೀಪ ಆರುವುದಿಲ್ಲ. ರಿಲೇ, ಬ್ರೇಕರ್ ತಮ್ಮ ಪಾಡಿಗೆ ಇರುತ್ತವೆ. ಕಂಟ್ರೋಲ್ ರೂಮು ಕುರುಡಾಗುತ್ತದೆ, ಅಷ್ಟೇ. ಆ ಕುರುಡಿನ ಬೆಲೆ ಗೊತ್ತಾಗುವುದು ಮುಂದಿನ ತೊಂದರೆ ಬಂದಾಗ. ಡಿಸಿಎಸ್ ಕಂಟ್ರೋಲರನ್ನು ಬಾಯ್ಲರಿನಿಂದ ಕಡಿದರೆ ಸ್ಥಾವರ ತಾನಾಗಿ ನಿಲ್ಲಬೇಕಾಗುತ್ತದೆ, ಏಕೆಂದರೆ ಅದನ್ನು ನಡೆಸುತ್ತಿದ್ದದ್ದೇ ಅದು. ಅದಕ್ಕೇ ಅಲ್ಲಿ ಕಂಟ್ರೋಲರುಗಳನ್ನು ಜೋಡಿಯಾಗಿ ಇಡುತ್ತಾರೆ. ಈಗ ಎರಡು ಜಾತಿಯ ಸಾಮಾನನ್ನೂ ಒಂದೇ ಕಂಪನಿ ಮಾರುತ್ತದೆ, ಪರದೆ ನೋಡಿ ಹೇಳುವುದು ಕಷ್ಟ. ಪರೀಕ್ಷೆ ಮಾತ್ರ ಬದಲಾಗಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗಾಡಿಗಳು ಹೊರಟವು. ಆದರೆ ಅಂದಿನ ಕತೆ ಮುಂದಿನ ವರ್ಷಕ್ಕೂ ಹರಿಯಿತು. 2021ರ ಫೆಬ್ರವರಿ ಕೊನೆಗೆ, ಭಾರತದ ವಿದ್ಯುತ್ ಜಾಲಕ್ಕೆ ಚೀನಾ ಕಡೆಯ ಹ್ಯಾಕರುಗಳು ಕೈಹಾಕಿದ್ದರೆಂಬ ರೆಕಾರ್ಡೆಡ್ ಫ್ಯೂಚರ್ ಸಂಸ್ಥೆಯ ವರದಿ ಸುದ್ದಿಯಾಯಿತು. ಮುಂಬೈಯ ಕತ್ತಲೆಗೂ ಅದಕ್ಕೂ ನಂಟಿದೆಯೆಂಬುದು ಸಾಬೀತಾಗಿಲ್ಲ ಎಂದು ಅದೇ ಸಂಸ್ಥೆ ಹೇಳಿತ್ತು. ಮಹಾರಾಷ್ಟ್ರದ ಗೃಹಮಂತ್ರಿ ಅನಿಲ್ ದೇಶಮುಖ್ ಸೈಬರ್ ವಿಧ್ವಂಸದ ಸಾಧ್ಯತೆ ಇದೆ ಎಂದರು. ಕೇಂದ್ರದ ವಿದ್ಯುತ್ ಮಂತ್ರಿ ಆರ್. ಕೆ. ಸಿಂಗ್ ಅದು ಮನುಷ್ಯರ ತಪ್ಪು ಎಂದರು.

ಈ ಜಗಳದಲ್ಲಿ ಕೇಳಬೇಕಿದ್ದ ಪ್ರಶ್ನೆಯನ್ನು ಪಿರಮಿಡ್ಡೇ ಎತ್ತಿಕೊಡುತ್ತದೆ: ವೈರಸ್ಸು ಸಿಕ್ಕಿದ್ದು ಯಾವ ಅಂತಸ್ತಿನಲ್ಲಿ? ಕಚೇರಿಯ ಕಂಪ್ಯೂಟರಿನಲ್ಲಿ ಸಿಕ್ಕಿದ್ದು ಬ್ರೇಕರನ್ನು ಮುಟ್ಟಬೇಕಾದರೆ ಯೋಜನೆಯ ಅಂತಸ್ತು ದಾಟಬೇಕು, ಸ್ಕಾಡಾದ ಸರ್ವರು ಹಿಡಿಯಬೇಕು, ಆರ್‌ಟಿಯುವಿನ ಭಾಷೆಯಲ್ಲಿ ಸರಿಯಾದ ಬ್ರೇಕರಿಗೆ ಎರಡು ಹೆಜ್ಜೆಯ ಆಜ್ಞೆ ಕೊಡಬೇಕು. ಅಸಾಧ್ಯವೇನಲ್ಲ: 2015ರ ಡಿಸೆಂಬರಿನಲ್ಲಿ ಉಕ್ರೇನಿನಲ್ಲಿ ದಾಳಿಕೋರರು ಕಚೇರಿಯ ಇಮೇಲಿನಿಂದ ಹೊಕ್ಕು, ತಿಂಗಳುಗಟ್ಟಲೆ ಮೆಟ್ಟಿಲಿಳಿದು ಬ್ರೇಕರುಗಳನ್ನು ತೆರೆದಿದ್ದರು. ಆದರೆ ಆಗ ಪ್ರತಿ ಅಂತಸ್ತಿನಲ್ಲೂ ಹೆಜ್ಜೆಗುರುತು ಉಳಿಯುತ್ತದೆ. ಸ್ಕಾಡಾದ ದಾಖಲೆಯಲ್ಲಿ ಯಾರೂ ಕೊಡದ ಆಜ್ಞೆ ಕಾಣುತ್ತದೆ. ರಿಲೇಯ ನೆನಪಿನಲ್ಲಿ ಮಾತ್ರ ಆ ಗಳಿಗೆಯಲ್ಲಿ ಯಾವ ದೋಷವೂ ದಾಖಲಾಗಿರುವುದಿಲ್ಲ. ಲೈನು ನಿಜವಾಗಿ ಭಾರ ತಾಳದೆ ಬಿದ್ದಿದ್ದರೆ ದಾಖಲೆ ತಿರುವುಮುರುವಾಗಿರುತ್ತದೆ: ಆಜ್ಞೆ ಇಲ್ಲ, ದೋಷ ಇದೆ. ಕಾಂದಿವಲಿಯ ಕತ್ತಲೆಗೆ ಸಾಕ್ಷಿ ಹೇಳಬಲ್ಲದ್ದು ಮಂತ್ರಿಗಳಿಗಿಂತ ಹೆಚ್ಚಾಗಿ ಈ ಎರಡು ಕಡತಗಳು, ಅವುಗಳ ಮೇಲಿನ ಹೊತ್ತಿನ ಮುದ್ರೆಗಳು.